ಹೊಸ ಪುಟ ಗೂಗಲ್‌ನಲ್ಲಿ ಯಾಕೆ ಕಾಣುವುದಿಲ್ಲ?

ಚನ್ನಪಟ್ಟಣದ ಗೊಂಬೆ ಮಾರುವ ಆನ್‌ಲೈನ್ ಅಂಗಡಿಯೊಂದು ಮಗುವಿಗೆಂದು ಮರದ ರಿಂಗ್ ಆಟಿಕೆಯ ಹೊಸ ಪುಟ ತೆರೆದಿದೆ ಎನ್ನಿ. ವಾರಗಳು ಕಳೆದರೂ ಗೂಗಲ್‌ನಲ್ಲಿ ಅದರ ಸುಳಿವಿಲ್ಲ. ಆಗ ಮಾಲೀಕರಿಗೆ ಮೊದಲು ಹೊಳೆಯುವುದು, ವಿವರಣೆಯೊಳಗೆ ‘ಚನ್ನಪಟ್ಟಣ ಆಟಿಕೆ’ ಎಂದು ಹತ್ತಾರು ಸಲ ತುರುಕುವ ಉಪಾಯ. ಆದರೆ ಸರ್ಚ್ ಎಂಜಿನ್ ಕೆಲಸ ಮಾಡುವುದು ಮೂರು ಹಂತಗಳಲ್ಲಿ. ಮೊದಲು ಪುಟವನ್ನು ಪತ್ತೆ ಮಾಡುತ್ತದೆ, ಆಮೇಲೆ ಓದಿ ತನ್ನ ಇಂಡೆಕ್ಸ್‌ಗೆ ಸೇರಿಸಿಕೊಳ್ಳುತ್ತದೆ, ಯಾರಾದರೂ ಹುಡುಕಿದಾಗಷ್ಟೇ ಯಾವುದು ಮೇಲೆ ಎಂದು ನಿರ್ಧರಿಸುತ್ತದೆ. ಮೊದಲೆರಡು ಹಂತ ದಾಟದ ಪುಟಕ್ಕೆ ಪದಗಳ ಅಲಂಕಾರದಿಂದ ಏನೂ ಆಗದು.

ಪತ್ತೆ ಮಾಡುವ ಗೂಗಲ್‌ಬಾಟ್ ಮುಖ್ಯವಾಗಿ ಲಿಂಕ್ ಹಿಡಿದು ಓಡಾಡುತ್ತದೆ. ಅಂಗಡಿಯ ಸರ್ಚ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೆ ಮಾತ್ರ ಸಿಗುವ ಪುಟಕ್ಕೆ ಅದು ತಲುಪುವುದು ಕಷ್ಟ. ಸೈಟ್‌ಮ್ಯಾಪ್‌ನಲ್ಲಿ ವಿಳಾಸ ಕೊಟ್ಟರೆ ಸಾಲದೇ ಎಂದು ಕೇಳಬಹುದು. ಸೈಟ್‌ಮ್ಯಾಪ್ ಮುಖ್ಯವಾಗಿ ವಿಳಾಸವನ್ನು ತಿಳಿಸುತ್ತದೆ. ‘ಮರದ ಆಟಿಕೆಗಳು’ ಎಂಬ ವಿಭಾಗದಿಂದ ಬಂದ ಲಿಂಕ್ ಆ ಪುಟ ಯಾವುದರ ಬಗ್ಗೆ ಎಂಬುದನ್ನೂ ಹೇಳುತ್ತದೆ. ಇನ್ನೊಂದು ಅಡ್ಡಿ, ಸೈಟ್ ಕಟ್ಟುವಾಗ ಹಾಕಿ ತೆಗೆಯಲು ಮರೆತ ಈ ಸಾಲು:

```
<meta name="robots" content="noindex">
```

ಇದಿದ್ದರೆ ಗೂಗಲ್ ಪುಟವನ್ನು ಓದಿಯೂ ಇಂಡೆಕ್ಸ್‌ನಿಂದ ಹೊರಗಿಡುತ್ತದೆ. ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ಪುಟದ ವಿಳಾಸ ಹಾಕಿದರೆ, ಪುಟ ಇಂಡೆಕ್ಸ್‌ನಲ್ಲಿ ಇದೆಯೋ ಇಲ್ಲವೋ, ಇಲ್ಲದಿದ್ದರೆ ಯಾಕೆ ಎಂಬುದು ತಿಳಿಯುತ್ತದೆ.

ಇಷ್ಟಾದ ಮೇಲೆ ಪದಗಳ ಸರದಿ. ಶೀರ್ಷಿಕೆಯಲ್ಲಿ ‘ಹೊಸ ಉತ್ಪನ್ನ 27’ ಎಂದಿದ್ದರೆ ಯಾರೂ ಹಾಗೆ ಹುಡುಕುವುದಿಲ್ಲ. ಕೊಳ್ಳುವವರು ಟೈಪ್ ಮಾಡುವ ಮಾತು ಅಲ್ಲಿರಬೇಕು:

```
<title>ಮಗುವಿಗೆ ಮರದ ರಿಂಗ್ ಆಟಿಕೆ | ಚನ್ನಪಟ್ಟಣ</title>
```

ವಿವರಣೆಯಲ್ಲಿ ಆಲೆ ಮರ, ಅರಗಿನ ಬಣ್ಣ, ರಿಂಗ್‌ಗಳ ಸಂಖ್ಯೆ, ಅಳತೆ, ಬೆಲೆ ಇರಲಿ. ಇಂಗ್ಲಿಷ್‌ನಲ್ಲಿ ಹುಡುಕುವವರೂ ಗಿರಾಕಿಗಳೇ ಆದರೆ ಅವರಿಗೆಂದು ಬೇರೆ ಇಂಗ್ಲಿಷ್ ಪುಟ ಮಾಡುವುದು ಒಳಿತು. ತಯಾರಕರು ಕೊಟ್ಟ ವಿವರಣೆಯನ್ನೇ ಹತ್ತು ಅಂಗಡಿಗಳು ಅಂಟಿಸಿದ್ದರೆ, ನಿಮ್ಮದನ್ನೇ ಆರಿಸಲು ಗೂಗಲ್‌ಗೆ ಕಾರಣ ಉಳಿಯುವುದಿಲ್ಲ. ಒಂದೇ ಆಟಿಕೆಯ ಐದು ಬಣ್ಣಗಳಿಗೆ ಐದು ವಿಳಾಸಗಳಿದ್ದರೆ, ಮುಖ್ಯ ಪುಟ ಯಾವುದೆಂದು ಕ್ಯಾನೋನಿಕಲ್ ಲಿಂಕ್ ಮೂಲಕ ಸೂಚಿಸಿ.

ಪದವನ್ನು ಹೆಚ್ಚು ಸಲ ಬರೆದರೆ ಲಾಭವಿಲ್ಲವೇ? ಇಲ್ಲ, ಅತಿಯಾದ ಪುನರಾವರ್ತನೆಯನ್ನು ಗೂಗಲ್ ಸ್ಪ್ಯಾಮ್ ಎಂದೇ ಎಣಿಸುತ್ತದೆ. ಕೀವರ್ಡ್ಸ್ ಎಂಬ ಮೆಟಾ ಟ್ಯಾಗನ್ನು ಸ್ಥಾನ ನಿರ್ಧರಿಸಲು ಬಳಸುವುದಿಲ್ಲ ಎಂದು ಅದು 2009ರಲ್ಲೇ ಹೇಳಿದೆ. ಜಾಹೀರಾತಿಗೆ ಹಣ ಕೊಟ್ಟರೂ ಜಾಹೀರಾತಲ್ಲದ ಫಲಿತಾಂಶಗಳಲ್ಲಿ ಸ್ಥಾನ ಏರುವುದಿಲ್ಲ. ಹಾಗೆಂದು ಮೇಲಿನದೆಲ್ಲ ಮಾಡಿದರೆ ಮೊದಲ ಸ್ಥಾನ ಖಾತ್ರಿಯೂ ಅಲ್ಲ. ‘ಆಟಿಕೆ’ ಎಂಬ ಒಂಟಿ ಪದಕ್ಕೆ ದೊಡ್ಡ ಮಳಿಗೆಗಳ ಜೊತೆ ಸೆಣಸುವುದು ಕಷ್ಟ; ‘ಮಗುವಿಗೆ ಮರದ ರಿಂಗ್ ಆಟಿಕೆ’ ಎಂಬ ಹುಡುಕಾಟದಲ್ಲಿ ಪೈಪೋಟಿ ಕಡಿಮೆ, ಕೊಳ್ಳುವ ಮನಸ್ಸು ಹೆಚ್ಚು. ಆದ್ದರಿಂದ ಒಂದು ಪದವನ್ನೂ ತಿದ್ದುವ ಮೊದಲು ಸರ್ಚ್ ಕನ್ಸೋಲ್ ತೆರೆದು, ನಿಮ್ಮ ಪುಟ ಇಂಡೆಕ್ಸ್‌ನಲ್ಲಿ ಇದೆಯೇ ಎಂದು ನೋಡಿಕೊಳ್ಳಿ.