ಸೋಡಿಯಂ ಏರಿಸಲು ಅವಸರ ಬೇಡ

ವೈದ್ಯಕೀಯ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಯಿದು. ಬಿಪಿಗೆ ಥಯಾಜೈಡ್ ಮಾತ್ರೆ ನುಂಗುತ್ತಿದ್ದ ಅಜ್ಜಿಗೆ ಕೆಲವು ದಿನಗಳಿಂದ ಮಂಪರು. ಸೋಡಿಯಂ ಲೀಟರಿಗೆ 110 ಮಿಲಿಮೋಲ್. ಸಕ್ಕರೆ, ಯೂರಿಯಾ ಸಹಜ. ಸೋಡಿಯಂ ದುಪ್ಪಟ್ಟು ಮಾಡಿ ಅವೆರಡರ ಪಾಲು ಸುಮಾರು 10 ಸೇರಿಸಿದರೆ ಆಸ್ಮೊಲಾಲಿಟಿ 230. ಇರಬೇಕಾದದ್ದು 275ರಿಂದ 295. ಅಂದರೆ ರಕ್ತ ನಿಜಕ್ಕೂ ತೆಳುವಾಗಿದೆ.

ಇಂದೇ 135ಕ್ಕೆ ಏರಿಸಿ ಎಂಬ ಉತ್ತರವೇ ಬಲೆ. ಎರಡು ದಿನ ಕಳೆಯುವಷ್ಟರಲ್ಲಿ ಮಿದುಳಿನ ಕೋಶಗಳು ತಮ್ಮೊಳಗಿನ ಲವಣಗಳನ್ನು ಹೊರಹಾಕಿ ಈ ತೆಳುತನಕ್ಕೆ ಒಗ್ಗಿಕೊಂಡಿರುತ್ತವೆ. ರಕ್ತ ದಿಢೀರನೆ ಸಾಂದ್ರವಾದರೆ ಅವುಗಳ ನೀರು ಹೊರಕ್ಕೆ ಹರಿದು ನರಗಳ ಹೊದಿಕೆ ಹಾಳಾಗಬಹುದು. ಅದು ಗೊತ್ತಾಗುವುದೂ ತಡವಾಗಿಯೇ: ಕೆಲವು ದಿನ ಬಿಟ್ಟು ಮಾತು ತೊದಲುತ್ತದೆ, ಕೈಕಾಲು ಸೋಲುತ್ತವೆ. ಹಾಗಾಗಿ 24 ಗಂಟೆಗೆ 8ರ ಏರಿಕೆ ಮಿತಿ. ನಾಳೆಗೆ 118 ದಾಟಬಾರದು. ಫಿಟ್ಸ್ ಬಂದರೆ 3% ಸಲೈನ್‌ನಿಂದ ಬೇಗನೆ 4ರಿಂದ 6 ಏರಿಸುತ್ತಾರೆ, ಅದೂ ಆ ದಿನದ ಲೆಕ್ಕಕ್ಕೇ ಸೇರುತ್ತದೆ.