ಬಿಲ್ಲಿನ ಕೆಳಗಿನ ಆ ಸಣ್ಣ ಕೋಷ್ಟಕ

ಸಗಟು ಅಂಗಡಿಯ ಜಿಎಸ್‌ಟಿ ಬಿಲ್ಲಿನ ಬುಡದಲ್ಲಿ ಎಚ್‌ಎಸ್‌ಎನ್ ಕೋಡ್‌ಗಳಿರುವ ಸಣ್ಣ ಕೋಷ್ಟಕವೊಂದು ಇರುತ್ತದೆ. ಅದರಲ್ಲಿ ಸಾಮಾನಿನ ಹೆಸರಿರುವುದಿಲ್ಲ. ಕೋಡ್, ತೆರಿಗೆ ಬೀಳುವ ಮೌಲ್ಯ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಅಷ್ಟೆ. ಮೇಲಿನ ಪಟ್ಟಿಯ ಒಂದೊಂದು ಸಾಲಿಗೂ ಇಲ್ಲಿ ಜೋಡಿ ಹುಡುಕಿದರೆ ಸಿಗುವುದಿಲ್ಲ. ಒಂದೇ ಕೋಡ್, ಒಂದೇ ದರದ ಸಾಮಾನುಗಳೆಲ್ಲ ಇಲ್ಲಿ ಒಂದೇ ಸಾಲಾಗಿ ಕೂಡಿಕೊಂಡಿರುತ್ತವೆ.

ಒಂದು ಹೋಟೆಲಿಗೆ ಬಂದ ಬಿಲ್ ಹೀಗಿದೆ ಎಂದುಕೊಳ್ಳಿ. ಕಾಫಿಪುಡಿ 6,000 ರೂಪಾಯಿ, ಕೋಡ್ 0901. ಸಕ್ಕರೆ 2,100, ಕೋಡ್ 1701. ಇವೆರಡಕ್ಕೂ ತೆರಿಗೆ ಶೇ. 5. ಪ್ಲಾಸ್ಟಿಕ್ ಬಕೆಟ್ 1,800, ಮಗ್ 700. ಇವೆರಡರ ಕೋಡ್ 3924, ತೆರಿಗೆ ಶೇ. 18. ಕೊನೆಯಲ್ಲಿ ಸಾಗಣೆ ವೆಚ್ಚ 530.

ಮೊದಲು ತೆರಿಗೆ ಬಿಟ್ಟು ಮೌಲ್ಯವನ್ನಷ್ಟೇ ತಾಳೆ ನೋಡಬೇಕು. ಬಕೆಟ್, ಮಗ್ ಸೇರಿದರೆ 2,500. ಆದರೆ ಕೋಷ್ಟಕದಲ್ಲಿ 3924ರ ಎದುರು 2,625 ಇದೆ. ತಪ್ಪಲ್ಲ. ಮಾರುವವರೇ ಹಾಕುವ ಸಾಗಣೆ ವೆಚ್ಚ ಸರಕಿನ ಮೌಲ್ಯಕ್ಕೇ ಸೇರುತ್ತದೆ. ಸರಕಿನ ಒಟ್ಟು ಬೆಲೆ 10,600. ಸಾಗಣೆ ಅದರ ಶೇ. 5. ಹಾಗಾಗಿ ಪ್ರತಿ ಕೋಡಿನ ಮೊತ್ತವೂ ಅಷ್ಟೇ ಪಾಲು ಬೆಳೆದಿದೆ: ಕಾಫಿ 6,300, ಸಕ್ಕರೆ 2,205. ಮೂರೂ ಕೂಡಿದರೆ 11,130, ಅಂದರೆ ಸರಕು ಮತ್ತು ಸಾಗಣೆಯ ಮೊತ್ತ. ಬಿಲ್ಲಿನ ಕೊನೆಯಲ್ಲಿ ರಿಯಾಯಿತಿ ಕಳೆದಿದ್ದರೆ ಅದೂ ಹೀಗೆಯೇ ಹಂಚಿಕೆಯಾಗಿ ಮೊತ್ತಗಳನ್ನು ಇಳಿಸಿರುತ್ತದೆ.

3924ರ ಎದುರು 2,625ರ ಬದಲು 3,030 ಇದ್ದರೆ ಮಾತ್ರ ನಿಲ್ಲಿ. ಸಾಗಣೆಯ 530 ಪೂರ್ತಿ ಬಕೆಟ್-ಮಗ್‌ಗಳ ತಲೆಗೆ ಬಿದ್ದಿದೆ. ಹಂಚಿದ್ದರೆ ಸಾಗಣೆಯ ಮೇಲಿನ ತೆರಿಗೆ 42.75 ಆಗುತ್ತಿತ್ತು, ಈಗ 95.40. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿಗೆ ಖರೀದಿಯ ತೆರಿಗೆ ಮರಳಿ ಸಿಗುವುದಿಲ್ಲವಾದ್ದರಿಂದ ಆ ವ್ಯತ್ಯಾಸ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತದೆ. ಅಂಗಡಿಯವರನ್ನು ಕೇಳಿ ಸರಿಪಡಿಸಿಕೊಳ್ಳುವುದೇ ಒಳ್ಳೆಯದು.

ಮೌಲ್ಯ ಸರಿಹೋದರೆ ತೆರಿಗೆ ಸುಲಭ. ರಾಜ್ಯದೊಳಗಿನ ಬಿಲ್ಲಿನಲ್ಲಿ ದರ ಎರಡು ಸಮಪಾಲು: 2,625ಕ್ಕೆ ಶೇ. 9ರಂತೆ 236.25, ಎರಡು ಸಲ. ಹೊರರಾಜ್ಯದಿಂದ ಬಂದ ಸರಕಾದರೆ ಐಜಿಎಸ್‌ಟಿ ಎಂದು ಒಂದೇ ಅಂಕಣ. ಸಕ್ಕರೆಯ ಪಾಲು 55.125 ಬರುತ್ತದೆ, ಅದು 55.13 ಎಂದು ಅಚ್ಚಾದಾಗ ಒಂದು ಪೈಸೆ ಹೆಚ್ಚುವುದು ಸಹಜ.

ಒಂದೇ ಕೋಡ್ ಎರಡು ದರಗಳಲ್ಲಿ ಎರಡು ಸಾಲಾಗಿ ಬಂದಿದ್ದರೆ ಮೇಲಿನ ಪಟ್ಟಿಗೆ ಮರಳಿ. ಸಿದ್ಧ ಉಡುಪಿನಲ್ಲಿ ಇದು ನ್ಯಾಯವೇ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದನ್ನು ಮೀರಿದರೆ ಶೇ. 18. ಬಕೆಟ್ ಶೇ. 18, ಮಗ್ ಶೇ. 5 ಎಂದಿದ್ದರೆ ಮಗ್‌ನ ದರ ತಪ್ಪಾಗಿ ನಮೂದಾಗಿದೆ. ಕೋಡೇ ತಪ್ಪಾಗಿದ್ದರೆ ಮಾತ್ರ ಈ ತಾಳೆಯಲ್ಲಿ ಗೊತ್ತಾಗುವುದಿಲ್ಲ. ಸಕ್ಕರೆಯ ಕೋಡಿನಲ್ಲಿ ಬಕೆಟ್ ಬರೆದರೂ ಕೂಡುವಿಕೆ ಸರಿಯಾಗಿಯೇ ಬರುತ್ತದೆ. ಅದನ್ನು ಹಿಡಿಯಲು ಸಾಮಾನಿನ ಹೆಸರಿನ ಪಕ್ಕದ ಕೋಡನ್ನು ಒಂದೊಂದಾಗಿ ಓದಬೇಕು.