ಒಂದು ಬಿಂದುವಿಗೆ ನಾಲ್ಕೇ ಮೂಳೆ

ಮೊಬೈಲ್ ಆಟದ ಪಾತ್ರವೊಂದು ಕೈ ಎತ್ತಿದಾಗ ಅದರ ಮೈಮೇಲಿನ ಪ್ರತಿಯೊಂದು ವರ್ಟೆಕ್ಸ್, ಅಂದರೆ ಮೇಲ್ಮೈಯನ್ನು ರೂಪಿಸುವ ಪ್ರತಿ ಬಿಂದು, ಒಳಗಿನ ಅಸ್ಥಿಪಂಜರದ ಕೆಲವು ಮೂಳೆಗಳನ್ನು ಹಿಂಬಾಲಿಸುತ್ತದೆ. ಯಾವ ಮೂಳೆಯನ್ನು ಎಷ್ಟರ ಮಟ್ಟಿಗೆ ಎಂಬುದನ್ನು ತೂಕಗಳು ನಿರ್ಧರಿಸುತ್ತವೆ. ಒಂದು ಬಿಂದುವಿನ ತೂಕಗಳನ್ನೆಲ್ಲ ಕೂಡಿದರೆ 1 ಬರಬೇಕು. ಸ್ಕಿನ್ನಿಂಗ್ ಎಂಬ ಈ ವಿಧಾನದ ಬೇರು 1988ರಲ್ಲಿ ನಾಡಿಯಾ ಮ್ಯಾಗ್ನೆನಾ-ಥಾಲ್ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧದಲ್ಲಿದೆ. ವಸ್ತುವನ್ನು ಹಿಡಿಯುವ ಕೈಯ ಬೆರಳುಗಳು ಮಡಚುವಾಗ ಚರ್ಮ ಹೇಗೆ ಬದಲಾಗಬೇಕು ಎಂಬುದು ಅದರ ವಿಷಯವಾಗಿತ್ತು.

ಆಟಗಳಿಗೆ ಇದು ಬಂದಾಗ ಲೆಕ್ಕ ಸರಳವಾಗಿತ್ತು. 1998ರ ಹಾಫ್-ಲೈಫ್ ಆಟದಲ್ಲಿ ಒಂದು ಬಿಂದುವಿಗೆ ಒಂದೇ ಮೂಳೆ. ಹೀಗಿದ್ದರೆ ಮೊಣಕೈ ಮಡಚಿದಲ್ಲಿ ಮೈ ಮೆದುವಾಗಿ ಬಾಗುವುದಿಲ್ಲ, ಮುರಿದಂತೆ ಕಾಣುತ್ತದೆ. 2000ದ ನಂತರ ಗ್ರಾಫಿಕ್ಸ್ ಚಿಪ್‌ಗಳೇ ಸ್ಕಿನ್ನಿಂಗ್ ಮಾಡತೊಡಗಿದಾಗ ನಾಲ್ಕು ಎಂಬ ಸಂಖ್ಯೆ ನೆಲೆನಿಂತಿತು. ಈ ಚಿಪ್‌ಗಳು ಸಂಖ್ಯೆಗಳನ್ನು ನಾಲ್ಕರ ಕಟ್ಟುಗಳಲ್ಲಿ ಓದುತ್ತವೆ: ನಾಲ್ಕು ಮೂಳೆಗಳ ಕ್ರಮಾಂಕ ಒಂದು ಕಟ್ಟಿನಲ್ಲಿ, ಅವುಗಳ ತೂಕ ಇನ್ನೊಂದರಲ್ಲಿ. ಐದನೆಯ ಮೂಳೆ ಬೇಕೆಂದರೆ ಇನ್ನೆರಡು ಕಟ್ಟು ಬೇಕು.

ಮೊಬೈಲ್‌ನಲ್ಲಿ ಮಿತಿ ಇನ್ನೂ ಬಿಗಿಯಾಗಿತ್ತು. 2007ರ ಓಪನ್‌ಜಿಎಲ್ ಇಎಸ್ 2.0 ಒಂದು ಸಲಕ್ಕೆ ಖಾತ್ರಿಪಡಿಸಿದ್ದು ಇಂಥ 128 ಕಟ್ಟುಗಳ ಜಾಗವನ್ನು ಮಾತ್ರ. ಒಂದು ಮೂಳೆಯ ಚಲನೆಗೆ ಮೂರು ಕಟ್ಟು ಬೇಕಾದ್ದರಿಂದ ಹೆಚ್ಚೆಂದರೆ 42 ಮೂಳೆ. ಕ್ಯಾಮೆರಾ ಮತ್ತು ಬೆಳಕಿನ ಲೆಕ್ಕಕ್ಕೂ ಜಾಗ ಬಿಟ್ಟರೆ ಇನ್ನೂ ಕಡಿಮೆ. ಇಂದಿನ ಫೋನುಗಳಲ್ಲಿ ಜಾಗ ಹೆಚ್ಚಿದ್ದರೂ ಪ್ರತಿ ಬಿಂದುವಿಗೆ ಮೂಳೆ ಹೆಚ್ಚಿದಂತೆ ಮೆಮೊರಿಯಿಂದ ಓದುವ ಕೆಲಸ ಹೆಚ್ಚುತ್ತದೆ. ಆದ್ದರಿಂದ ಯೂನಿಟಿ ಎಂಜಿನ್‌ನಲ್ಲಿ 1, 2 ಅಥವಾ 4 ಮೂಳೆಗಳ ಮಿತಿಯನ್ನು ಆರಿಸಿಕೊಳ್ಳಬಹುದು. 2017ರ glTF 2.0 ಮಾನದಂಡವೂ ನಾಲ್ಕನ್ನು ಮಾತ್ರ ಕಡ್ಡಾಯವಾಗಿಸಿದೆ.

ಆದರೆ ಕಲಾವಿದರು ಪಾತ್ರ ಸಿದ್ಧಪಡಿಸುವ ತಂತ್ರಾಂಶಗಳಿಗೆ ಈ ಮಿತಿ ಇಲ್ಲ. ಭುಜದ ಒಂದು ಬಿಂದುವಿಗೆ ಹೀಗೆ ತೂಕ ಬಿದ್ದಿದೆ ಎನ್ನೋಣ: ಮೇಲ್ದೋಳು 0.42, ಕೊರಳೆಲುಬು 0.26, ಎದೆ 0.14, ತೋಳಿನ ತಿರುಚು ಮೂಳೆ 0.10, ಕತ್ತು 0.05, ಬೆನ್ನು 0.03. ಕೊನೆಯ ಎರಡನ್ನು ತೆಗೆದರೆ ಉಳಿದ ಮೊತ್ತ 0.92. ಇದನ್ನು ಹಾಗೇ ಬಿಟ್ಟರೆ ಬಿಂದು ಮೂಲಬಿಂದುವಿನ ಕಡೆಗೆ ನೂರಕ್ಕೆ ಎಂಟರಷ್ಟು ಸರಿಯುತ್ತದೆ. ಮೂಲಬಿಂದು ಪಾದದ ಬಳಿಯಿದ್ದು ಭುಜ 140 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಪಾತ್ರ ಅಲುಗಾಡದೆ ನಿಂತಿದ್ದಾಗಲೂ ಆ ಬಿಂದು ಸುಮಾರು 11 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ನಿಂತ ಭಂಗಿಯಲ್ಲೇ ಮೈಯಲ್ಲಿ ಕುಳಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಈ ಮೊತ್ತವನ್ನೇ. ಪ್ರತಿ ತೂಕವನ್ನು 0.92ರಿಂದ ಭಾಗಿಸಿದರೆ ಸುಮಾರು 0.457, 0.283, 0.152, 0.109 ಸಿಗುತ್ತವೆ, ಮೊತ್ತ ಮತ್ತೆ 1ಕ್ಕೆ ಬರುತ್ತದೆ.

ಇದಕ್ಕಿಂತ ನವಿರಾದ ತೊಂದರೆ ನೆರೆಯ ಬಿಂದುವಿನದು. ಅಲ್ಲಿ ಕತ್ತಿನ ತೂಕ 0.09, ತಿರುಚು ಮೂಳೆಯದು 0.08 ಇದ್ದರೆ, ಈ ಸಲ ಬೀಳುವುದು ತಿರುಚು ಮೂಳೆ. ಅಕ್ಕಪಕ್ಕದ ಎರಡು ಬಿಂದುಗಳು ಬೇರೆ ಬೇರೆ ನಾಲ್ಕನೆಯ ಮೂಳೆಯನ್ನು ಹಿಂಬಾಲಿಸುವಂತಾಗುತ್ತದೆ. ನಿಂತಾಗ ಏನೂ ತಿಳಿಯುವುದಿಲ್ಲ. ತೋಳು ತಿರುಚಿದಾಗ ಭುಜದ ಮೇಲೆ ಗೆರೆಯಂಥ ಮಡಿಕೆ ಏಳುತ್ತದೆ. ಬಟ್ಟೆಯ ಹೊಲಿಗೆಯಂಥ ಜಾಗದಲ್ಲಿ ಒಂದೇ ಸ್ಥಾನದಲ್ಲಿರುವ ಎರಡು ಬಿಂದುಗಳಿಗೆ ಹೀಗಾದರೆ ಅಲ್ಲಿ ಬಿರುಕೇ ಬಾಯಿ ಬಿಡುತ್ತದೆ.

ಆದ್ದರಿಂದ ಶುಚಿಗೊಳಿಸುವಿಕೆಗೆ ಒಂದು ಕ್ರಮವಿದೆ. ಬ್ಲೆಂಡರ್‌ನಲ್ಲಿ ಮೊದಲು Clean ಬಳಸಿ 0.01ಕ್ಕಿಂತ ಕಡಿಮೆಯ ತೂಕಗಳನ್ನು ಅಳಿಸಲಾಗುತ್ತದೆ, ನಂತರ Limit Total ಮೂಲಕ ನಾಲ್ಕಕ್ಕೆ ಇಳಿಸಿ, Normalize Allನಿಂದ ಮೊತ್ತವನ್ನು 1ಕ್ಕೆ ತರಲಾಗುತ್ತದೆ. ಬಳಿಕ ತೋಳನ್ನು ತಲೆಯ ಮೇಲಕ್ಕೆ, ಹಿಂದಕ್ಕೆ, ಎದೆಗೆ ಅಡ್ಡವಾಗಿ ಚಲಿಸಿ ನೋಡಬೇಕು. ಮಡಿಕೆ ಕಂಡಲ್ಲಿ ಆ ಭಾಗದಿಂದ ಕತ್ತಿನ ಮೂಳೆಯನ್ನು ಪೂರ್ತಿಯಾಗಿ ತೆಗೆದು, ನೆರೆಯ ಬಿಂದುಗಳೆಲ್ಲ ಅವೇ ನಾಲ್ಕು ಮೂಳೆಗಳನ್ನು ಹಂಚಿಕೊಳ್ಳುವಂತೆ ಮಾಡಬೇಕು. ತೂಕಗಳನ್ನು ನಯಗೊಳಿಸಿದರೆ ಹೊಸ ಮೂಳೆಗಳು ಮತ್ತೆ ಸೇರಿಕೊಳ್ಳುವುದರಿಂದ ಮಿತಿಯನ್ನು ಪುನಃ ಹೇರಬೇಕಾಗುತ್ತದೆ.

ಕೊನೆಯ ತಪಾಸಣೆ ರಫ್ತಿನದು. ಜಾಗ ಉಳಿಸಲು ತೂಕವನ್ನು ಹಲವೊಮ್ಮೆ 0ಯಿಂದ 255ರವರೆಗಿನ ಪೂರ್ಣಾಂಕವಾಗಿ ಬರೆಯಲಾಗುತ್ತದೆ. ನಾಲ್ಕು ಸಮ ತೂಕಗಳು ತಲಾ 63.75 ಆಗಿ 64ಕ್ಕೆ ಏರಿದರೆ ಮೊತ್ತ 256. ಒಂದನ್ನು 63ಕ್ಕೆ ಇಳಿಸಲೇಬೇಕು. ಪಾತ್ರ ಎರಡೇ ಮೂಳೆಗಳ ಮಿತಿಯಿರುವ ಫೋನಿನಲ್ಲೂ ಓಡಬೇಕಿದ್ದರೆ ಆ ಸ್ಥಿತಿಯನ್ನು ಪ್ರತ್ಯೇಕವಾಗಿ ನೋಡಬೇಕು. ಮೇಲಿನ ಭುಜದಲ್ಲಿ ಆಗ ಉಳಿಯುವುದು ಮೇಲ್ದೋಳು 0.62, ಕೊರಳೆಲುಬು 0.38 ಮಾತ್ರ. ತಿರುಚು ಮೂಳೆಯ ಕೆಲಸ ಅಲ್ಲಿ ಇಲ್ಲವಾಗುವುದರಿಂದ, ತೋಳು ತಿರುಗಿದಾಗ ಭುಜ ಸೊರಗಿದಂತೆ ಕಾಣುವುದನ್ನು ತೂಕಗಳ ತಿದ್ದುಪಡಿಯಿಂದ ಪೂರ್ತಿಯಾಗಿ ತಪ್ಪಿಸಲಾಗದು.